ಮುಟ್ಟು ಮುಗಿದ ಮೇಲೂ ನಿಲ್ಲದ ಕಂದು ಕಲೆ

ಹುಬ್ಬಳ್ಳಿಯ ಸ್ಕ್ಯಾನ್ ಕೋಣೆಗೆ ಗದಗಿನಿಂದ ಬಂದಿದ್ದ ಆ ಹೆಣ್ಣುಮಗಳಿಗೆ 33 ವರ್ಷ, ಒಂದು ಸಿಸೇರಿಯನ್ ಆಗಿತ್ತು. “ಐದು ದಿನಕ್ಕ ಮುಟ್ಟು ಮುಗಿತೈತ್ರಿ ಡಾಕ್ಟರ್ರ. ಆಮ್ಯಾಲ ಎಂಟು ದಿನ ಡಿಕಾಕ್ಷನ್ ಬಣ್ಣದ್ದು ಹನಿ ಹನಿ ಬೀಳತೈತಿ. ಅಲ್ಲೀತನಾ ಅತ್ತಿಯಾರು ದೇವರ ಕೋಣಿಗೆ ಬಿಡೂದಿಲ್ರಿ” ಎಂದರು. ಕೈಯಲ್ಲಿ ‘ನಾರ್ಮಲ್’ ಎಂದು ಬರೆದ ಹಳೆಯ ರಿಪೋರ್ಟ್ ಇತ್ತು.

ಆ ಸ್ಕ್ಯಾನ್ ಮಾಡಿದ್ದು ಮುಟ್ಟಿನ 22ನೇ ದಿನ, ಹೊಟ್ಟೆಯ ಮೇಲಿನಿಂದ. ಸಿಸೇರಿಯನ್ ಗಾಯದ ಜಾಗದಲ್ಲಿ ಕೆಲವರಿಗೆ ಚೀಲದಂಥ ತಗ್ಗು ಉಳಿದು ಮುಟ್ಟಿನ ರಕ್ತ ಅದರಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಆ ಚೀಲದೊಳಗಿನ ರಕ್ತ ಬಹುತೇಕ ಬಸಿದು ಹೋಗಿರುತ್ತದೆ. ಸಣ್ಣ ತಗ್ಗು ಕಣ್ತಪ್ಪುವುದು ಸುಲಭ. ಕಲೆ ಬೀಳುತ್ತಿರುವಾಗಲೇ, ಮೂತ್ರ ಖಾಲಿ ಮಾಡಿಸಿ, ಯೋನಿಯ ಮೂಲಕ ನೋಡಬೇಕು. ಈಕೆಯನ್ನು 10ನೇ ದಿನ ಹಾಗೆ ನೋಡಿದಾಗ ಗರ್ಭಕೋಶದ ಕೊರಳಿನ ಹತ್ತಿರ, ಮುಂದಿನ ಗೋಡೆಯಲ್ಲಿ, ತ್ರಿಕೋನದ ಕಪ್ಪು ಗುಳಿ ಕಂಡಿತು. ಆಳ 6 ಮಿ.ಮೀ. ಅದರಾಚೆ ಮೂತ್ರಚೀಲದ ಕಡೆಗೆ ಉಳಿದಿದ್ದ ಸ್ನಾಯು 4 ಮಿ.ಮೀ. ಗುಳಿ 2 ಮಿ.ಮೀ. ಆಳವಿದ್ದರೂ ಅದನ್ನು ಗಾಯದ ಚೀಲವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ.

ಹೊಲಿಗೆ ಬಿದ್ದ ಜಾಗದ ಸ್ನಾಯು ಸರಿಯಾಗಿ ಕೂಡದೆ ಅಲ್ಲಿ ತಗ್ಗು ಉಳಿಯುತ್ತದೆ. ಅಲ್ಲಿಯ ಗೋಡೆಗೆ ನಿಂತ ರಕ್ತವನ್ನು ಹಿಂಡಿ ಹೊರಹಾಕುವ ಕಸುವಿಲ್ಲ, ಹಾಗಾಗಿ ಅದು ಹಳತಾಗಿ ಕಂದು ಬಣ್ಣಕ್ಕೆ ತಿರುಗಿ ನಿಧಾನಕ್ಕೆ ಜಿನುಗುತ್ತದೆ. ಈಕೆಗೆ ಮೂರು ತಿಂಗಳು ಕೊಟ್ಟಿದ್ದ ಟ್ರಾನೆಕ್ಸಾಮಿಕ್ ಮಾತ್ರೆ ಕಲೆ ನಿಲ್ಲಿಸದಿದ್ದುದೂ ಇದಕ್ಕೇ: ಅದು ಹೊಸ ಹರಿವನ್ನು ತಗ್ಗಿಸುತ್ತದೆ, ನಿಂತ ರಕ್ತವನ್ನು ಖಾಲಿ ಮಾಡುವುದಿಲ್ಲ.

ಚೀಲ ಕಂಡಿತೆಂದು ಎಲ್ಲವನ್ನೂ ಅದರ ತಲೆಗೆ ಕಟ್ಟುವಂತಿಲ್ಲ. ಮೊದಲು ಗರ್ಭಧಾರಣೆ ಪರೀಕ್ಷೆ, ಕೊರಳಿನ ತಪಾಸಣೆ ಮತ್ತು ಪ್ಯಾಪ್ ಪರೀಕ್ಷೆ ಆಗಬೇಕು. ಒಳಪದರದಲ್ಲಿ ಪಾಲಿಪ್ ಎಂಬ ಸಣ್ಣ ಬೆಳವಣಿಗೆ ಇದೆಯೇ ನೋಡಬೇಕು. ಸಂಭೋಗದ ನಂತರ ರಕ್ತ ಬಿದ್ದರೆ, ದುರ್ವಾಸನೆ ಬಂದರೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು.

ತೊಂದರೆ ಕೊಡದ ಚೀಲಕ್ಕೆ ಚಿಕಿತ್ಸೆ ಬೇಡ. ಈಕೆಗೆ ಇನ್ನೊಂದು ಮಗು ಬೇಕಿತ್ತು, ಆದರೆ ಸದ್ಯಕ್ಕಲ್ಲ. ರಕ್ತದೊತ್ತಡ, ಅರೆತಲೆನೋವು, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ವಿಚಾರಿಸಿ ಸಂತಾನ ನಿಯಂತ್ರಣ ಮಾತ್ರೆ ಶುರು ಮಾಡಲಾಯಿತು. ಮುಟ್ಟೇ ಕಡಿಮೆಯಾದ್ದರಿಂದ ಕಲೆ ಎರಡು ದಿನಕ್ಕಿಳಿಯಿತು. ಮಾತ್ರೆ ಚೀಲವನ್ನು ಮುಚ್ಚುವುದಿಲ್ಲ. ಬಿಟ್ಟರೆ ಕಲೆ ಮರಳಬಹುದು. ಆಗ ಯೋನಿಯ ಮೂಲಕ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕುವ ಹಿಸ್ಟರೊಸ್ಕೋಪಿಯಲ್ಲಿ ಚೀಲದ ಅಂಚನ್ನು ಸವರಿ ರಕ್ತ ಸರಾಗವಾಗಿ ಇಳಿಯುವಂತೆ ಮಾಡುತ್ತಾರೆ. ಉಳಿದ ಸ್ನಾಯು 3 ಮಿ.ಮೀ.ಗಿಂತ ತೆಳುವಾಗಿದ್ದರೆ ಮಾತ್ರ ಆ ದಾರಿ ಬೇಡ, ಗೋಡೆ ತೂತಾಗಿ ಮೂತ್ರಚೀಲಕ್ಕೆ ಪೆಟ್ಟಾದೀತು. ಅಂಥವರಿಗೆ ಲ್ಯಾಪ್ರೊಸ್ಕೋಪಿಯಲ್ಲಿ ಆ ಭಾಗ ತೆಗೆದು ಮತ್ತೆ ಹೊಲಿಯುವುದನ್ನು ಯೋಚಿಸುತ್ತಾರೆ.

ಮುಂದೆ ಗರ್ಭ ನಿಂತರೆ 6–7ನೇ ವಾರದಲ್ಲೇ ಸ್ಕ್ಯಾನ್‌ಗೆ ಬರಲು ಹೇಳಿ ಕಳಿಸಿದ್ದಾಯಿತು. ಗರ್ಭ ಆ ಹಳೆಯ ಗಾಯದಲ್ಲೇ ಬೇರೂರಿದ್ದರೆ ಅಷ್ಟರಲ್ಲೇ ಗೊತ್ತಾಗಬೇಕು.