ಖಾರಾ ಬನ್ನಿನ ಏರಿಳಿತ ಮತ್ತು ಏಳು ದಿನದ ಸರಾಸರಿ

ಬೇಕರಿಯ ಲೆಕ್ಕದ ಪುಸ್ತಕದಲ್ಲಿ ಆರು ತಿಂಗಳ ಖಾರಾ ಬನ್ ಮಾರಾಟ ದಿನದಿನವೂ ಬರೆದಿತ್ತು. ಅದನ್ನು ಸ್ಪ್ರೆಡ್‌ಶೀಟಿಗೆ ಏರಿಸಿ ಗೆರೆ ಎಳೆದರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಪ್ರತಿ ದಿನಕ್ಕೂ ಅಂದಿನ ಮತ್ತು ಅದರ ಹಿಂದಿನ ನಾಲ್ಕು ದಿನದ ಮಾರಾಟ ಸೇರಿಸಿ ತೆಗೆದ ಐದು ದಿನದ ಸರಾಸರಿಯ ಗೆರೆಯೂ ಅದರ ಮೇಲಿತ್ತು. "ಸಾರ್, ವ್ಯಾಪಾರ ವಾರಕ್ಕೊಮ್ಮೆ ಏರಿ ವಾರಕ್ಕೊಮ್ಮೆ ಬೀಳ್ತಾ ಇದೆ, ಹೀಗ್ಯಾಕೆ?" ಎಂದು ಮಾಲೀಕರು ಕೇಳಿದರು.

ಬೀಳುತ್ತಿದ್ದದ್ದು ವ್ಯಾಪಾರವಲ್ಲ, ಐದು ಎಂಬ ಅಂಕಿಯ ತಪ್ಪು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 200 ಬನ್, ಶನಿವಾರ 280, ಭಾನುವಾರ 340 ಎಂದು ಇಟ್ಟುಕೊಳ್ಳಿ. ಪ್ರತಿ ವಾರವೂ ಇಷ್ಟೇ, ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ. ಶುಕ್ರವಾರಕ್ಕೆ ಮುಗಿಯುವ ಐದು ದಿನದಲ್ಲಿ ರಜೆಯ ದಿನವೇ ಇಲ್ಲ, ಸರಾಸರಿ 200. ಭಾನುವಾರಕ್ಕೆ ಮುಗಿಯುವ ಐದು ದಿನದಲ್ಲಿ ಶನಿ, ಭಾನು ಎರಡೂ ಇವೆ, ಸರಾಸರಿ 244. ಸಮತಟ್ಟಾದ ವ್ಯಾಪಾರದಲ್ಲೇ ಗೆರೆ 200ಕ್ಕೂ 244ಕ್ಕೂ ನಡುವೆ ಓಲಾಡುತ್ತದೆ. ಏಳು ದಿನ ಹಿಡಿದರೆ ಎಲ್ಲಿಂದ ಶುರುಮಾಡಿದರೂ ಒಳಗೆ ಒಂದು ಶನಿವಾರ, ಒಂದು ಭಾನುವಾರ ಇದ್ದೇ ಇರುತ್ತವೆ. 1620ನ್ನು 7ರಿಂದ ಭಾಗಿಸಿದರೆ 231, ಗೆರೆ ನೇರ.

ದಿನಗಳನ್ನು ಹೆಚ್ಚಿಸಿದರೆ ಗೆರೆ ಇನ್ನಷ್ಟು ನಯವಾಗುತ್ತದೆ ಎಂಬ ನಂಬಿಕೆ ಇಲ್ಲಿಯೇ ಸುಳ್ಳಾಗುತ್ತದೆ. ಹತ್ತು ದಿನ ಹಿಡಿದರೆ ಒಂದು ಪೂರ್ತಿ ವಾರದ ಮೇಲೆ ಮೂರು ದಿನ ಹೆಚ್ಚುವರಿ ಬರುತ್ತವೆ. ಆ ಮೂರರಲ್ಲಿ ಶನಿ, ಭಾನು ಸೇರಿದಾಗ 244, ಸೇರದಾಗ 222. ಹಾಗಾಗಿ ಹತ್ತಕ್ಕಿಂತ ಏಳೇ ಶಾಂತ. ತಿಂಗಳ ಸರಾಸರಿ ಬೇಕೆಂದರೂ 30 ಬಿಟ್ಟು ಪೂರ್ತಿ ನಾಲ್ಕು ವಾರದ 28 ಹಿಡಿಯಬೇಕು.

ಸಂಖ್ಯೆಗಳು ಬಿ ಕಾಲಂನಲ್ಲಿ ಎರಡನೇ ಸಾಲಿನಿಂದ ಇದ್ದರೆ, ಸಿ ಕಾಲಂನ ಎಂಟನೇ ಸಾಲಿನಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆದರೆ ಸಾಕು:

```
=IF(COUNT(B2:B8)=7,AVERAGE(B2:B8),NA())
```

`COUNT` ಯಾಕೆಂದರೆ, `AVERAGE` ಖಾಲಿ ಕೋಶವನ್ನು ಸದ್ದಿಲ್ಲದೆ ಬಿಟ್ಟು ಉಳಿದ ಆರು ದಿನಕ್ಕೇ ಭಾಗಿಸಿಬಿಡುತ್ತದೆ. ಆ ಖಾಲಿ ದಿನ ಭಾನುವಾರವಾದರೆ ಸರಾಸರಿ 213ಕ್ಕೆ ಬೀಳುತ್ತದೆ. ಅಂಗಡಿ ಮುಚ್ಚಿದ್ದರೆ ಸೊನ್ನೆ ಬರೆಯಬೇಕು, ಬರೆಯಲು ಮರೆತಿದ್ದರೆ ಖಾಲಿ ಬಿಡಬೇಕು. ಎರಡೂ ಒಂದೇ ಅಲ್ಲ. ಆ ದಿನಕ್ಕೆ ಸಾಲನ್ನೇ ಬರೆಯದೆ ಬಿಟ್ಟರೆ ಇನ್ನೂ ಕೆಟ್ಟದ್ದು: ಏಳು ಸಾಲು ಎಂದರೆ ಏಳು ದಿನ ಎಂಬ ಲೆಕ್ಕವೇ ತಪ್ಪುತ್ತದೆ, ಈ ಸೂತ್ರವೂ ಎಚ್ಚರಿಸುವುದಿಲ್ಲ.

ಪುಸ್ತಕದಲ್ಲಿ ಜಾತ್ರೆಯ ಬುಧವಾರವೊಂದಿತ್ತು, 900 ಬನ್. ದಿನದ ಗೆರೆಯಲ್ಲಿ ಅದು ಒಂದು ಮುಳ್ಳು. ಏಳು ದಿನದ ಗೆರೆಯಲ್ಲಿ ಮಾತ್ರ ಹೆಚ್ಚುವರಿ 700 ಏಳು ಪಾಲಾಗಿ, 231 ಇದ್ದದ್ದು 331ಕ್ಕೆ ಏರಿ ಒಂದು ವಾರ ಅಲ್ಲೇ ನಿಂತು, ಮುಂದಿನ ಬುಧವಾರ ದಡಕ್ಕನೆ ಇಳಿಯಿತು. ಆ ಬುಧವಾರ ಅಂಗಡಿಯಲ್ಲಿ ಏನೂ ಆಗಿರಲಿಲ್ಲ, ಹಳೆಯ ದಿನವೊಂದು ಲೆಕ್ಕದಿಂದ ಹೊರಬಿತ್ತು ಅಷ್ಟೇ. ಸರಿಯಾಗಿ ಏಳು ದಿನ ಅಗಲದ, ತಲೆ ಚಪ್ಪಟೆಯಾದ ಗುಡ್ಡ ಕಂಡರೆ ಹಿಂದೆ ಒಂದೇ ದಿನದ ಮುಳ್ಳು ಹುಡುಕಬೇಕು.

ಮಾಲೀಕರಿಗೆ ನಿಜವಾಗಿ ತಿಳಿಯಬೇಕಿದ್ದದ್ದು ಬೆಲೆಯ ವಿಷಯ. ಒಂದು ಸೋಮವಾರ ಬನ್ನಿನ ಬೆಲೆ ಏರಿಸಿದ್ದರು, ಮಾರಾಟ ಅಂದೇ ಶೇಕಡಾ 15ರಷ್ಟು ತಗ್ಗಿ ಅಲ್ಲೇ ನಿಂತಿತ್ತು. 28 ದಿನದ ಗೆರೆಯಲ್ಲಿ ಅದು 28 ದಿನ ಇಳಿಯುತ್ತಲೇ ಹೋಗಿ, ಗಿರಾಕಿ ದಿನೇದಿನೇ ಕಡಿಮೆಯಾಗುತ್ತಿದ್ದಾರೆ ಎಂಬ ಭಯ ಹುಟ್ಟಿಸಿತ್ತು. ಏಳರ ಗೆರೆ ಏಳೇ ದಿನದಲ್ಲಿ ಇಳಿದು 197ಕ್ಕೆ ನಿಂತಿತು. ಹಿಂದಿನ ದಿನಗಳ ಸರಾಸರಿ ಸುಮಾರು ಅರ್ಧ ಅವಧಿಯಷ್ಟು ತಡವಾಗಿ ಹೇಳುತ್ತದೆ: ಏಳಕ್ಕೆ 3 ದಿನ, 28ಕ್ಕೆ 13 ದಿನಕ್ಕೂ ಮೇಲೆ.

ಈ ತಡ ತಪ್ಪಿಸಲು ಸರಾಸರಿಯನ್ನು ಏಳರ ನಡುವಿನ ದಿನಕ್ಕೆ, ಅಂದರೆ ಎಂಟನೇ ಸಾಲಿನ ಬದಲು ಐದನೇ ಸಾಲಿಗೆ ಬರೆಯುವುದುಂಟು. ಋತುವಿನ ಏರಿಳಿತ ನೋಡಲು ಅದೇ ಸರಿ. ಆದರೆ ಬೆಲೆಯ ಪ್ರಶ್ನೆಗೆ ಅದು ಮೋಸ ಮಾಡುತ್ತದೆ. ಶುಕ್ರವಾರದ ಚುಕ್ಕಿಯೊಳಗೆ ಮುಂದಿನ ಸೋಮವಾರ ಸೇರಿರುವುದರಿಂದ ಬೆಲೆ ಏರುವ ಮೂರು ದಿನ ಮೊದಲೇ ಗೆರೆ ಇಳಿಯಲು ಶುರುವಾಗುತ್ತದೆ. ಕಾರಣಕ್ಕಿಂತ ಪರಿಣಾಮ ಮುಂದೆ! ಜೊತೆಗೆ ಇಂದಿಗೆ ಮುಗಿಯುವ ಕೊನೆಯ ಮೂರು ದಿನಕ್ಕೆ ಗೆರೆಯೇ ಇರುವುದಿಲ್ಲ. ಇದ್ದಷ್ಟರಲ್ಲೇ ಭಾಗಿಸಿ ತುಂಬಿದರೆ ಆ ತುದಿ ನಾಳೆ ಮತ್ತೆ ಬದಲಾಗುತ್ತದೆ.

ಕೊನೆಗೆ ಬೆಲೆ ಏರಿದ ಸೋಮವಾರಕ್ಕೆ ಗೆರೆಯನ್ನು ಎರಡು ತುಂಡು ಮಾಡಿ, ಒಂದರ ಸರಾಸರಿಯಲ್ಲಿ ಇನ್ನೊಂದರ ದಿನಗಳು ಸೇರದಂತೆ ನೋಡಿಕೊಂಡೆವು. ದಿನದ ಸಂಖ್ಯೆಗಳನ್ನು ಅಳಿಸದೆ ಹಿಂದೆ ತೆಳು ಬೂದು ಚುಕ್ಕಿಗಳಾಗಿ ಉಳಿಸಿದೆವು. ಅಕ್ಕಪಕ್ಕ ನಿಂತದ್ದು ಎರಡು ಮಟ್ಟ ಗೆರೆಗಳು, 231 ಮತ್ತು 197. ಮಾಲೀಕರು ಕ್ಯಾಲ್ಕುಲೇಟರ್ ತೆಗೆದು ಹಳೆಯ ಬೆಲೆಯಿಂದ ಒಂದನ್ನು, ಹೊಸ ಬೆಲೆಯಿಂದ ಇನ್ನೊಂದನ್ನು ಗುಣಿಸತೊಡಗಿದರು.