ಲಿನನ್ ಅಂಗಿಯ ಸುಕ್ಕು

ಮಂಗಳೂರಿನ ಈ ಸೆಕೆಯಲ್ಲಿ, ಬೆಳಿಗ್ಗೆ ಇಸ್ತ್ರಿ ಮಾಡಿ ತೊಟ್ಟ ಲಿನನ್ ಅಂಗಿಯು ನಾನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಮೊಣಕೈಯ ಒಳಭಾಗದಲ್ಲಿ ಬೀಸಣಿಗೆಯಂತೆ ಸುಕ್ಕುಗಟ್ಟಿತ್ತು.

ಅಗಸೆಯ ಕಾಂಡದಿಂದ ಬರುವ ಈ ನಾರು ಬಲು ಗಟ್ಟಿಯಾದರೂ ಹಿಗ್ಗಿ ಮರಳುವ ಗುಣ ಅದಕ್ಕೆ ತೀರಾ ಕಡಿಮೆ; ಬೆವರಿನ ತೇವದಲ್ಲಿ ಮಡಚಿಕೊಂಡದ್ದು ಒಣಗಿದಾಗ ಹಾಗೆಯೇ ನಿಂತುಬಿಡುತ್ತದೆ.

ಆದರೆ ಸೆಕೆಗೆ ಆ ಬಿರುಸೇ ಅನುಕೂಲ. ಬಟ್ಟೆ ಮೈಗೆ ಅಂಟದೆ ತುಸು ದೂರ ನಿಲ್ಲುವುದರಿಂದ ನಡುವೆ ಗಾಳಿಯಾಡುತ್ತದೆ, ಹೀರಿದ ಬೆವರೂ ಬೇಗ ಆರುತ್ತದೆ. (ಮಳೆಗಾಲದಲ್ಲಿ ಯಾವ ಬಟ್ಟೆಯೂ ಒಣಗದು, ಅದು ಬೇರೆ ಮಾತು.)

ಒಗೆದಂತೆಲ್ಲ ನಾರುಗಳನ್ನು ಅಂಟಿಸಿರುವ ಪೆಕ್ಟಿನ್ ಸ್ವಲ್ಪಸ್ವಲ್ಪವೇ ಕಳೆದುಹೋಗಿ ಬಟ್ಟೆ ಮೆತ್ತಗಾಗುತ್ತದೆ. ಸುಕ್ಕು ಉಳಿದರೂ ಅದರ ಅಂಚು ಮೊಂಡಾಗುತ್ತದೆ. ಕಾಲರಿನ ಮಡಿಕೆಯನ್ನು ಮಾತ್ರ ಪ್ರತಿ ಸಲವೂ ಒಂದೇ ಗೆರೆಯಲ್ಲಿ ಒತ್ತಿ ಇಸ್ತ್ರಿ ಮಾಡಬಾರದು, ಏಕೆಂದರೆ ನಾರು ಮುರಿದು ಅಂಗಿ ಮೊದಲು ಹರಿಯುವುದು ಅಲ್ಲಿಯೇ.