ಕುರ್ಚಿ ಹಿಂದಕ್ಕೆ ಸರಿಸಿದ ಮೇಲೆ

ಇಂಟರ್ನ್‌ಗಳಿಗಾಗಿ ನಾನು ಬಾಲಿಂಟ್ ಗುಂಪು ನಡೆಸುತ್ತೇನೆ. 1950ರ ದಶಕದಲ್ಲಿ ಮೈಕೆಲ್ ಬಾಲಿಂಟ್ ಎಂಬ ಮನೋವಿಶ್ಲೇಷಕರು ಲಂಡನ್ನಿನಲ್ಲಿ ವೈದ್ಯರನ್ನು ಸೇರಿಸಿ ಶುರು ಮಾಡಿದ ಪದ್ಧತಿ ಇದು. ಇಲ್ಲಿ ರೋಗದ ಚರ್ಚೆ ಇಲ್ಲ. ರೋಗಿ ಮತ್ತು ಡಾಕ್ಟರ್ ನಡುವೆ ಏನಾಗುತ್ತಿದೆ ಅನ್ನುವುದಷ್ಟೇ ವಿಷಯ.

ಎಂಟು ಹತ್ತು ಜನ ದುಂಡಗೆ ಕೂರುತ್ತೇವೆ. ಕೇಸ್ ಶೀಟ್ ತರುವಂತಿಲ್ಲ, ನೆನಪಿನಿಂದಲೇ ಹೇಳಬೇಕು. ರೋಗಿಯ ಹೆಸರು ಹೇಳುವಂತಿಲ್ಲ. ಇಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಇಂಟರ್ನ್‌ಗಳಿಗೆ ಮಾರ್ಕ್ಸ್ ಕೊಡುವವರು ಯಾರೂ ಆ ಕೋಣೆಯಲ್ಲಿ ಇರಬಾರದು ಅನ್ನುವುದು ನನ್ನದೊಂದು ಹಟ. ಅಂಥವರು ಇದ್ದರೆ ಯಾರೂ ನಿಜ ಹೇಳುವುದಿಲ್ಲ, ಅಲ್ವಾ?

ಅವತ್ತು "ಯಾರಿಗೆ ಕೇಸ್ ಇದೆ?" ಅಂದಾಗ ಎಲ್ಲರೂ ಸುಮ್ಮನಿದ್ದರು. ಅಂಥ ಹೊತ್ತಿಗೆ ಒಂದೆರಡು ಪ್ರಶ್ನೆ ಇಟ್ಟುಕೊಂಡಿರುತ್ತೇನೆ. "ಯಾವ ರೋಗಿಯ ಹತ್ತಿರ ಹೋಗುವಾಗ ಕಾಲು ಎಳೆಯುತ್ತದೆ? ಮನೆಗೆ ಹೋದ ಮೇಲೂ ತಲೆಯಲ್ಲಿ ಉಳಿಯುವವರು ಯಾರು? ಯಾರಿಗೋಸ್ಕರ ಬೇಕಾದ್ದಕ್ಕಿಂತ ಜಾಸ್ತಿ ಓಡಾಡುತ್ತಿದ್ದೀರಿ?" ಮೊದಲನೆಯದಕ್ಕೇ ಸರ್ಜರಿ ವಾರ್ಡಿನ ಹುಡುಗಿಯೊಬ್ಬಳು ಕೈ ಎತ್ತಿದಳು.

ಅವಳ ರೋಗಿಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ಒಂದು ಬೆರಳು ಆಗಲೇ ತೆಗೆದಿದ್ದರು. ಡ್ರೆಸಿಂಗ್‌ಗೆ ಹೋದರೆ ಸಾಕು, "ನೀನು ಕಲಿಯೋ ಹುಡುಗಿ, ದೊಡ್ಡ ಡಾಕ್ಟರನ್ನ ಕರಿ" ಅಂತ ಬೈಯುತ್ತಿದ್ದರಂತೆ. ಡಿಸ್ಚಾರ್ಜ್ ಕೊಡಿ ಅಂತ ದಿನಾ ಗಲಾಟೆ. ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು.

ಆಮೇಲೆ ಕೆಲವು ನಿಮಿಷ, ತಿಳಿಯದ ಸಂಗತಿಯಷ್ಟೇ ಕೇಳಬಹುದು. ಒಬ್ಬ "ಜೊತೆಗೆ ಯಾರಿದ್ದಾರೆ?" ಅಂದ. ಯಾರೂ ಇಲ್ಲ. ಇನ್ನೊಬ್ಬ ಶುಗರ್ ಎಷ್ಟು, ಯಾವ ಆಂಟಿಬಯಾಟಿಕ್ ಅಂತ ಶುರು ಮಾಡಿದ. ಅಲ್ಲೇ ತಡೆದೆ. ಹೇಳುವವರು ಸಮರ್ಥನೆಗೆ ಇಳಿದರೆ ಗುಂಪು ದಾರಿ ತಪ್ಪಿದೆ ಅಂತ ಅರ್ಥ.

ಈಗ ಅವಳು ಕುರ್ಚಿ ಹಿಂದಕ್ಕೆ ಸರಿಸಿ ಕೂರಬೇಕು. ಸುಮಾರು ಅರ್ಧ ಗಂಟೆ ಮಾತಾಡುವಂತಿಲ್ಲ, ಕೇಳಿಸಿಕೊಳ್ಳಬಹುದು. ಗುಂಪಿನವರು ಅವಳ ಕಡೆ ನೋಡದೆ ತಮ್ಮಲ್ಲೇ ಮಾತಾಡಬೇಕು. ಸಲಹೆ ಬೇಡ. ರೋಗಿಯಾಗಿ ಏನನಿಸುತ್ತದೆ, ಡಾಕ್ಟರಾಗಿ ಏನನಿಸುತ್ತದೆ, ಅಷ್ಟೇ.

ಹೇಳಿದಷ್ಟು ಸುಲಭವಲ್ಲ ಇದು. "ಸೈನ್ ಹಾಕಿಸಿಕೊಂಡು ಕಳಿಸಿಬಿಡಬೇಕು" ಅಂದ ಒಬ್ಬ. "ಅವರ ಇಷ್ಟ, ನಾವೇನು ಮಾಡೋಕಾಗುತ್ತೆ" ಅಂದಳು ಇನ್ನೊಬ್ಬಳು. ಮಾತು ಚುರುಕಾಯಿತು, ಎಲ್ಲರಿಗೂ ಒಂಥರಾ ಹಗುರವೂ ಆಯಿತು. ವಾರ್ಡಿನಲ್ಲಿ ಆಗುತ್ತಿದ್ದುದೇ ಕೋಣೆಯಲ್ಲೂ ಆಗುತ್ತಿತ್ತು. ನಡೆಸುವವರು ಹುಡುಕಬೇಕಾದ ಸುಳಿವು ಇದು. ಅದನ್ನೇ ಹೇಳಿದೆ: "ಎಲ್ಲರೂ ಸೇರಿ ಅವರನ್ನು ಬೇಗ ಕಳಿಸೋಕೆ ನೋಡ್ತಿದ್ದೇವೆ. ಆ ಹಾಸಿಗೆ ಮೇಲೆ ನೀವೇ ಮಲಗಿದ್ದೀರಿ ಅಂದುಕೊಳ್ಳಿ. ಡ್ರೆಸಿಂಗ್ ಟ್ರೇ ಬರುತ್ತಿದೆ. ಏನನಿಸುತ್ತದೆ?"

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಇಂಥ ಮೌನವನ್ನು ತುಂಬಲು ಹೋಗಬಾರದು. ಕೊನೆಗೆ, ಅಲ್ಲಿವರೆಗೆ ಸುಮ್ಮನಿದ್ದ ಹುಡುಗ ಹೇಳಿದ: "ಈ ಹುಡುಗಿ ಬಂದಾಗಲೆಲ್ಲ ನನ್ನ ಕಾಲು ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತಿದೆ." ಸತ್ತ ಮಾಂಸ ಕತ್ತರಿಸಿ ತೆಗೆಯುವುದು ನಮಗೆ ದಿನದ ಕೆಲಸ. ಅವರಿಗೆ ಅದು ತಮ್ಮದೇ ಕಾಲು. ಇನ್ನೊಬ್ಬಳು ಡಾಕ್ಟರಾಗಿ ಮಾತಾಡಿದಳು: "ಕಲಿಯೋ ಹುಡುಗಿ ಅಂದ್ರೆ ನಂಗೆ ಸಿಟ್ಟು ಬರುತ್ತೆ. ಯಾಕಂದ್ರೆ ನಂಗೂ ಒಳಗೆ ಹಾಗೇ ಅನ್ನಿಸ್ತಿರುತ್ತೆ."

ಹಿಂದೆ ಕೂತವಳು ಬಾಯಿ ತೆರೆದಳು. ಇನ್ನೂ ಸ್ವಲ್ಪ ಹೊತ್ತು ಅಂತ ಕೈ ಸನ್ನೆ ಮಾಡಿದೆ.

ಕುರ್ಚಿ ಮುಂದೆ ತಂದ ಮೇಲೆ ಅವಳು ಹೇಳಿದ್ದು ಇದು: "ಇವತ್ತು ಎಷ್ಟು ಕತ್ತರಿಸ್ತೀಯ ಅಂತ ದಿನಾ ಕೇಳ್ತಾರೆ ಮೇಡಂ. ನನ್ನನ್ನ ಚುಚ್ಚಿ ಮಾತಾಡ್ತಾರೆ ಅಂದುಕೊಂಡಿದ್ದೆ. ಅದಕ್ಕೇ ಅವರ ಹತ್ತಿರ ಕೊನೆಗೆ ಹೋಗ್ತೀನಿ, ಬೇಗ ಮುಗಿಸಿ ಬರ್ತೀನಿ. ಒಂದು ದಿನವೂ ಉತ್ತರ ಕೊಟ್ಟಿಲ್ಲ."

ಹಾಗಾದರೆ ನಾಳೆ ಏನು ಮಾಡುತ್ತೀಯ ಅಂತ ನಾನು ಕೇಳಲಿಲ್ಲ. ಕೇಳಿದರೆ ಅದು ಹೋಮ್‌ವರ್ಕ್ ಆಗುತ್ತದೆ. ನಾವು ಆಡಿದ್ದೆಲ್ಲ ಊಹೆ, ಆ ಮನುಷ್ಯನ ಮನಸ್ಸಲ್ಲಿ ಬೇರೆಯೇ ಇರಬಹುದು ಅಂತ ಮಾತ್ರ ನೆನಪಿಸಿದೆ.

ಒಂದು ಕೆಲಸ ಉಳಿದಿತ್ತು. ಸೋಂಕು ತುಂಬಿದ ಕಾಲಿನಲ್ಲಿ ಮನೆಗೆ ಹೋದರೆ ಅಪಾಯ. ಅದು ಗುಂಪಿನ ವಿಷಯವಲ್ಲ, ಹಾಗಂತ ಬಿಡುವಂತೆಯೂ ಇಲ್ಲ. ಎಲ್ಲರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡು, ಮುಂದೆ ಏನೇನು ಮಾಡುತ್ತಾರೆ ಅಂತ ರೋಗಿಗೆ ಯಾರಾದರೂ ಹೇಳಿದ್ದಾರಾ ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಯೂನಿಟ್‌ನ ಹಿರಿಯ ಡಾಕ್ಟರಿಗೆ ಅವಳೇ ಫೋನ್ ಮಾಡಿ, ಮರುದಿನದ ಡ್ರೆಸಿಂಗ್‌ಗೆ ಮೊದಲು ಬಂದು ರೋಗಿಯ ಜೊತೆ ಮಾತಾಡುವಿರಾ ಅಂತ ಕೇಳಿದಳು. ಅವರು ಒಪ್ಪಿದರು.